ಉದ್ರಿ ಪುಸ್ತಕದಲ್ಲಿ ಮನೆಗೂ ಒಂದು ಪುಟ

*ಮಾವನವರು ಕಟ್ಟಿ ಬೆಳೆಸಿದ ದಿನಸಿ ಅಂಗಡಿ ನಮ್ಮದು. ವ್ಯಾಪಾರ ಚೆನ್ನಾಗಿದೆ, ಆದರೆ ಸಗಟು ವ್ಯಾಪಾರಿಗಳ ಬಾಕಿ ಏರುತ್ತಲೇ ಇದೆ. ಮನೆಗೆ ಬೇಕಾದ ಹಣ, ದಿನಸಿ ಎಲ್ಲವೂ ಅಂಗಡಿಯಿಂದಲೇ. ಲೆಕ್ಕ ಬರೆಯೋಣ ಎಂದರೆ ಮಾವನವರು, "ನನ್ನ ಗಲ್ಲಾಕ್ಕೆ ನಾನೇ ಕಳ್ಳನೇ?" ಎಂದು ನೊಂದುಕೊಂಡರು. ಏನು ಮಾಡಲಿ?*
*– ಹೆಸರು ಬೇಡ, ಹಾವೇರಿ*

ತಂಗಿ, ಮಾವನವರ ಕೈ ತಡೆಯಬೇಡಿ. ಉದ್ರಿ ಪುಸ್ತಕದಲ್ಲಿ ಊರಿನವರಿಗೆಲ್ಲ ಪುಟವಿರುತ್ತದೆ. ಅದರಲ್ಲೇ 'ಮನೆ' ಎಂದು ಒಂದು ಪುಟ ತೆರೆಯಿರಿ. ಮನೆಗೆ ಒಯ್ದ ಅಕ್ಕಿ, ಎಣ್ಣೆಯನ್ನು ಕೊಂಡ ದರದಲ್ಲಿ ಬರೆಯಿರಿ, ಮಾರುವ ದರದಲ್ಲಲ್ಲ. ಗಲ್ಲಾದಿಂದ ತೆಗೆದ ಹಣವೂ ಅಲ್ಲಿಗೇ ಬರಲಿ. ಮೊದಲ ಸಾಲನ್ನು ನಿಮ್ಮ ಪತಿ ತಾವು ತೆಗೆದುಕೊಂಡದ್ದಕ್ಕೆ ಬರೆಯಲಿ. ಆಗ ಅದು ಮಾವನವರ ಮೇಲಿನ ಕಾವಲು ಎನಿಸುವುದಿಲ್ಲ.

ಇದರಿಂದ ಏನು ತಿಳಿಯುತ್ತದೆ ಎಂಬುದನ್ನು ಒಂದು ತಿಂಗಳ ಉದಾಹರಣೆಯಲ್ಲಿ ನೋಡಿ. ಉದ್ರಿಯೂ ಸೇರಿ ಮಾರಾಟ 3,00,000 ರೂಪಾಯಿ ಎನ್ನೋಣ. ತಿಂಗಳ ಮೊದಲ ದಿನವೂ ಕೊನೆಯ ದಿನವೂ ಸರಕು ಎಣಿಸಿದಾಗ ದಾಸ್ತಾನು ಅಷ್ಟೇ ಇತ್ತು. ನಡುವೆ ಕೊಂಡದ್ದು 2,70,000. ಅದರಲ್ಲಿ 9,000ದ ಸರಕು ಮನೆಗೆ ಹೋಗಿದೆ. ಹಾಗಾದರೆ ಮಾರಿದ ಸರಕಿನ ಅಸಲು 2,61,000, ಉಳಿದದ್ದು 39,000. ಕೆಲಸದ ಹುಡುಗನ ಸಂಬಳ, ಕರೆಂಟು, ಸಾಗಣೆಗೆ 16,000 ಕಳೆದರೆ ನಿಜವಾದ ಗಳಿಕೆ 23,000. ಮನೆ ಪುಟದಲ್ಲಿ ಎಷ್ಟಿದೆ? ನಗದು 25,000, ದಿನಸಿ 9,000, ಒಟ್ಟು 34,000. ಹೆಚ್ಚು ಹೋದ 11,000 ಸಗಟು ವ್ಯಾಪಾರಿಗೆ ಸಲ್ಲಬೇಕಾದ ಹಣ. ನಿಮ್ಮ ಬಾಕಿಯೂ ಹೀಗೆಯೇ ಬೆಳೆಯುತ್ತಿರಬಹುದು. ಕೈಯಲ್ಲಿ ದಿನವೂ ನೋಟು ಓಡಾಡುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಚ್ಚು ಜನ ಎಡವುವುದು ರಾತ್ರಿ ಗಲ್ಲಾ ಎಣಿಸುವಾಗ. ನಡುವೆ ತೆಗೆದ ಹಣವನ್ನು ಕೂಡಿಸಿಕೊಳ್ಳದಿದ್ದರೆ ಮಾರಾಟವೇ ಕಡಿಮೆ ಕಾಣುತ್ತದೆ; ಆಮೇಲೆ ದರ ಸರಿಯಿಲ್ಲ, ಹುಡುಗ ಸರಿಯಿಲ್ಲ ಎಂಬ ಅನುಮಾನ ಶುರುವಾಗುತ್ತದೆ. ಹಳೆಯ ಉದ್ರಿ ವಸೂಲಾದರೆ ಅದನ್ನು ಆ ದಿನದ ಮಾರಾಟಕ್ಕೆ ಸೇರಿಸಬೇಡಿ. ಫೋನ್‌ಪೇ, ಗೂಗಲ್‌ಪೇ ಹಣ ಪತಿಯ ಸ್ವಂತ ಖಾತೆಗೆ ಬೀಳುತ್ತಿದ್ದರೆ ಅಂಗಡಿಗೆ ಬೇರೆ ಖಾತೆ ತೆರೆದು ಕ್ಯೂಆರ್ ಫಲಕವನ್ನು ಬದಲಿಸಿ. ಮಕ್ಕಳ ಶುಲ್ಕ, ಸಾಲದ ಕಂತು ಆ ಖಾತೆಯಿಂದ ಹೋಗಬಾರದು.

ಒಂದೇ ತಿಂಗಳ ಲೆಕ್ಕವನ್ನು ನಂಬಬೇಡಿ. ದೀಪಾವಳಿಯ ತಿಂಗಳು ಎಲ್ಲ ಅಂಗಡಿಯೂ ಲಾಭದಲ್ಲಿರುವಂತೆ ಕಾಣುತ್ತದೆ. ಮೂರು ತಿಂಗಳು ಬರೆದ ಮೇಲೆ ಪುಸ್ತಕವನ್ನು ಮಾವನವರ ಕೈಗೇ ಕೊಟ್ಟು, "ಮನೆಗೆ ತಿಂಗಳಿಗೆ ಎಷ್ಟು ತೆಗೆಯಬಹುದು, ನೀವೇ ಹೇಳಿ" ಎಂದು ಕೇಳಿ. ಅವರು ಹೇಳಿದ ಮೊತ್ತವನ್ನು ಒಂದನೇ ತಾರೀಖು ಅತ್ತೆಯವರ ಕೈಗೆ ಒಟ್ಟಿಗೆ ಕೊಡಿ. ಹಾಗೆಂದು ಮಾವನವರ ಎಲೆಅಡಿಕೆಯ ಚಿಲ್ಲರೆಗೂ ಲೆಕ್ಕ ಕೇಳಬೇಡಿ. ಅದಕ್ಕೆ ದಿನಕ್ಕೆ ಐವತ್ತು ರೂಪಾಯಿ ಎಂದು ಮನೆ ಪುಟದಲ್ಲಿ ನೀವೇ ಬರೆದುಕೊಳ್ಳಿ.