‘ಯಾವುದು ಸರಿಯಲ್ಲ?’ ಅಂದರೆ ಸರಿ ಇರುವುದನ್ನೇ ಗುರುತಿಸುವವರಿಗೆ

“ನದಿಗಳ ಪಾಠ ಬಾಯಿಪಾಠ ಉಂಟು, ಆದ್ರೂ ಮಾಕ್ ಟೆಸ್ಟಲ್ಲಿ ‘ಯಾವುದು ಸರಿಯಲ್ಲ’ ಪ್ರಶ್ನೆಗಳೇ ತಪ್ಪುತ್ತವೆ. ಇನ್ನೂ ಜಾಸ್ತಿ ಓದಬೇಕಾ?”

ಬೇಡ ಮಾರಾಯ್ರೆ. ನೀವು ಹಾಕಿದ ‘ಯಾವುದು ಸರಿಯಲ್ಲ’ ಪ್ರಶ್ನೆಯ ಫೋಟೋ ನೋಡಿದೆ. ಎ: ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಬಿ: ಶರಾವತಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಸಿ: ಜೋಗ ಜಲಪಾತ ಶರಾವತಿಯದ್ದು. ಡಿ: ನೇತ್ರಾವತಿ ಪಶ್ಚಿಮಕ್ಕೆ ಹರಿಯುತ್ತದೆ. ನೀವು ಎ ಹಾಕಿದ್ದೀರಿ. ಉಪ್ಪಿನಂಗಡಿ ಕಂಡ ಕೂಡಲೇ “ಹೌದು, ಇದು ಗೊತ್ತು” ಅಂತ ಕೈ ಓಡಿತು, ಬಿ ವರೆಗೆ ಹೋಗಲೇ ಇಲ್ಲ. ಶರಾವತಿ ಸಮುದ್ರ ಸೇರುವುದು ಹೊನ್ನಾವರದಲ್ಲಿ ಅಂತ ನಿಮಗೆ ಖಂಡಿತ ಗೊತ್ತುಂಟು. ಹಳೆಯ ಟೆಸ್ಟ್‌ಗಳನ್ನು ತೆಗೆದು ನೋಡಿ. ತಪ್ಪಿದಲ್ಲೆಲ್ಲ ನೀವು ಗುರುತಿಸಿದ್ದು ನಿಜ ಹೇಳಿಕೆಯೇ ಆಗಿದ್ದರೆ ರೋಗ ಓದಿನದ್ದಲ್ಲ.

ನಿಮಗೆ ಉತ್ತರ ಕೊಟ್ಟ ಒಬ್ಬರು ಪ್ರಶ್ನೆಯ ‘ಅಲ್ಲ’ಕ್ಕೆ ಅಡಿಗೆರೆ ಎಳೆಯಿರಿ ಅಂದಿದ್ದಾರೆ. ಅದು ಅರ್ಧ ಮದ್ದು. ಗೆರೆ ಎಳೆದು ನಾಲ್ಕು ಸಾಲು ಓದುವಷ್ಟರಲ್ಲಿ ಅದು ಮರೆತಿರುತ್ತದೆ, ನನಗೂ ಹಾಗೇ ಆಗುತ್ತಿತ್ತು. ನನಗೆ ಫಲ ಕೊಟ್ಟದ್ದು ಇದು: ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಪ್ರತಿ ಹೇಳಿಕೆಯ ಮುಂದೆ ‘ಸ’ ಅಥವಾ ‘ತ’ ಬರೆಯುವುದು, ನಾಲ್ಕಕ್ಕೂ. ಆಮೇಲೆ ಪ್ರಶ್ನೆಯ ಕೊನೆಯ ಪದವನ್ನು ಮತ್ತೆ ಓದಿ ಉತ್ತರ ಆರಿಸುವುದು. ನಿಮ್ಮ ಪ್ರಶ್ನೆಗೆ ಸ, ತ, ಸ, ಸ ಬರುತ್ತದೆ. ಒಂಟಿಯಾಗಿ ನಿಂತ ‘ತ’ವೇ ಉತ್ತರ. ಮೂರು ‘ಸ’ ಬಂದೂ ನಿಮ್ಮ ಕೈ ‘ಸ’ ಕಡೆ ಹೋದರೆ ಪ್ರಶ್ನೆ ಓದಿದ್ದೇ ತಪ್ಪು ಅಂತ ಅಲ್ಲೇ ಗೊತ್ತಾಗುತ್ತದೆ. ಎರಡು ‘ತ’ ಬಂದರೆ ಒಂದನ್ನು ನೀವು ತಪ್ಪು ತಿಳಿದಿದ್ದೀರಿ, ಅಥವಾ ಪ್ರಶ್ನೆಯೇ ಕೆಟ್ಟದ್ದು.

ಹೇಳಿಕೆಯೊಳಗೇ ‘ಇಲ್ಲ’ ಇದ್ದರೆ ಜಾಗ್ರತೆ. “ರಾಜ್ಯಸಭೆ ವಿಸರ್ಜನೆಗೆ ಒಳಪಡುವುದಿಲ್ಲ” ಅನ್ನುವುದು ನಿಜ, ಹಾಗಾಗಿ ‘ಸ’. ಅದನ್ನು ಪ್ರಶ್ನೆಯ ‘ಸರಿಯಲ್ಲ’ದ ಜೊತೆ ಕೂಡಿಸಲು ಹೋದರೆ ತಲೆ ಕೆಡುತ್ತದೆ.

“1 ಮತ್ತು 3 ಮಾತ್ರ” ನಮೂನೆಯ ಪ್ರಶ್ನೆಯಲ್ಲಿ ಈ ಒಂಟಿ ಲೆಕ್ಕ ನಡೆಯುವುದಿಲ್ಲ. ಅಲ್ಲಿ 2 ಒಂದೇ ತಪ್ಪಾಗಿದ್ದರೂ “1 ಮತ್ತು 3 ಮಾತ್ರ” ಅನ್ನುವ ಬಲೆ ಸಾಮಾನ್ಯವಾಗಿ ಪಕ್ಕದಲ್ಲೇ ಇರುತ್ತದೆ. ‘ತ’ ಬಿದ್ದ ಅಂಕಿಗಳನ್ನು ಬದಿಯಲ್ಲಿ ಬರೆದುಕೊಂಡ ಮೇಲೆಯೇ ಆಯ್ಕೆಗಳ ಕಡೆ ಕಣ್ಣು ಹಾಯಿಸಿ.

ಇನ್ನೊಂದು ಉತ್ತರದಲ್ಲಿ ಕುಂದಾಪುರದ ಅಣ್ಣ ನೆಗೆಟಿವ್ ಮಾರ್ಕಿಂಗ್ ಬಗ್ಗೆ ಬರೆದಿದ್ದಾರೆ. ಇಲ್ಲಿ ಕೇಳಿದ್ದು ಅದಲ್ಲ. ಆದರೆ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಒಂದು ತಪ್ಪಿಗೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ, ಗೊತ್ತಿದ್ದ ವಿಷಯಕ್ಕೆ ಅದು ಹೋಗುವುದು ಹೊಟ್ಟೆ ಉರಿಸುತ್ತದೆ.

ಈ ಗುರುತುಗಳೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ, ಓಎಂಆರ್ ಹಾಳೆಯನ್ನು ಮುಟ್ಟಬೇಡಿ. ಮತ್ತೆ ಉತ್ತರಕ್ಕೆ ಮೊದಲೇ ಟಿಕ್ ಹಾಕಿ ಮಾರುವ ಆ ದಪ್ಪ ಗೈಡುಗಳನ್ನು ದಯವಿಟ್ಟು ಬಿಡಿ. ಅವನ್ನು ಓದಿ ಓದಿ ಟಿಕ್ ಕಂಡದ್ದೇ ನಿಜ ಅಂತ ಕಣ್ಣಿಗೆ ರೂಢಿಯಾಗುತ್ತದೆ. ಕೆಪಿಎಸ್‌ಸಿ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೇ ಸಿಗುತ್ತವೆ. ಎಲ್ಲ ಪ್ರಶ್ನೆಗೂ ಸ-ತ ಬರೆಯಲು ಸಮಯ ಸಾಕಾಗುತ್ತದಾ ಅಂತ ಕೇಳಿದರೆ, ಗಣಿತದಲ್ಲಿ ನಿಧಾನ ಇರುವವರಿಗೆ ಕಷ್ಟ. ಅಂಥವರು ‘ಅಲ್ಲ’, ‘ತಪ್ಪಾದ’, ‘ಹೊರತುಪಡಿಸಿ’ ಇರುವ ಪ್ರಶ್ನೆಗಳಿಗಾದರೂ ಬರೆಯಿರಿ.