ಸೋದರಮಾವನ ಅಂಗಡಿಯ ಕೆಲಸವನ್ನು ರೆಸ್ಯೂಮೆಯಲ್ಲಿ ತೋರಿಸುವುದು

“ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ವರ್ಷ ಲೆಕ್ಕಪತ್ರ, ಉದ್ರಿ ವಸೂಲಿ ಎಲ್ಲ ನೋಡಿಕೊಂಡೆ. ಮನೆಯವರ ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರೆಸ್ಯೂಮೆಯಲ್ಲಿ ಹೇಗೆ ಬರೆಯಲಿ?”

‘ಎಲ್ಲ ನೋಡಿಕೊಂಡೆ’ ಎಂಬುದನ್ನು ಮೊದಲು ತೆಗೆಯಿರಿ. ಅದನ್ನು ಓದಿದವರಿಗೆ ನಿಮ್ಮ ಕೈಯಲ್ಲಿ ಏನಿತ್ತೆಂದು ತಿಳಿಯುವುದಿಲ್ಲ. ಉದ್ರಿ ವಸೂಲಿಯೇ ನಿಮ್ಮ ನಿಜವಾದ ಬಂಡವಾಳ, ಅದನ್ನೇ ಮುಂದಿಡಿ.

ಟ್ಯಾಲಿಯಲ್ಲಿ ನೀವು ಸೇರುವ ಮುಂಚಿನ ಮಾರ್ಚ್ 31ರ ಬಾಕಿಯನ್ನೂ ಈಚಿನ ಮಾರ್ಚ್ 31ರ ಬಾಕಿಯನ್ನೂ ತೆಗೆದುಕೊಳ್ಳಿ. ಆಯಾ ವರ್ಷದ ಉದ್ರಿ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ, ಉದ್ರಿ ವಸೂಲಿಗೆ ಸರಾಸರಿ ಎಷ್ಟು ದಿನ ಹಿಡಿಯುತ್ತದೆಂದು ಸಿಗುತ್ತದೆ. 120 ಲಕ್ಷದ ಮಾರಾಟಕ್ಕೆ 18 ಲಕ್ಷ ಬಾಕಿಯಿದ್ದರೆ ಸುಮಾರು 55 ದಿನ. 132 ಲಕ್ಷಕ್ಕೆ 11 ಲಕ್ಷವಾದರೆ ಸುಮಾರು 30 ದಿನ. ದಿನಗಳಲ್ಲಿ ಹೇಳಿದರೆ ಮಾವನ ವಹಿವಾಟಿನ ಗುಟ್ಟೂ ಹೊರಬೀಳುವುದಿಲ್ಲ. ಆಮೇಲೆ ಹೀಗೆ ಬರೆಯಿರಿ: “45 ದಿನ ಮೀರಿದ ಬಾಕಿದಾರರಿಗೆ ಹೊಸ ಸರಕು ತಡೆಹಿಡಿಯುವ ಪದ್ಧತಿ ತಂದು, ವಸೂಲಿಯ ಅವಧಿಯನ್ನು 55ರಿಂದ 30 ದಿನಕ್ಕೆ ಇಳಿಸಿದೆ.” ಆ ಪದ್ಧತಿ ಮಾವನದಾಗಿದ್ದರೆ ‘ಜಾರಿಗೊಳಿಸಿದೆ’ ಎನ್ನಿ. ಸಂದರ್ಶನದಲ್ಲಿ ಮೊದಲು ಕೆದಕುವುದು ಅದನ್ನೇ.

ಹುದ್ದೆಯನ್ನು ‘ಜನರಲ್ ಮ್ಯಾನೇಜರ್’ ಎಂದು ಹಿಗ್ಗಿಸಬೇಡಿ. ‘ಲೆಕ್ಕಪತ್ರ ಮತ್ತು ವಸೂಲಿ’ ಸಾಕು. ನೆಂಟಸ್ತಿಕೆಯನ್ನು ಬರೆಯಬೇಕಿಲ್ಲ, ಆದರೆ ಕೇಳಿದರೆ ಮುಚ್ಚಿಡಬೇಡಿ. ನಿಮ್ಮ ಕೆಲಸದ ಬಗ್ಗೆ ರೆಫರೆನ್ಸ್ ಕೊಡಲು ಮಾವನ ಬದಲು ಅಂಗಡಿಯ ಲೆಕ್ಕ ಪರಿಶೋಧಕರನ್ನೋ ಸರಕು ಪೂರೈಸುವವರನ್ನೋ ಕೇಳಿಕೊಳ್ಳಿ. ಸಂಬಳ ಬ್ಯಾಂಕ್ ಖಾತೆಗೆ ಬಂದಿದ್ದರೆ ಆ ಪಾಸ್‌ಬುಕ್ ಪುಟಗಳನ್ನು ಜೋಪಾನವಾಗಿಡಿ. ಕೈಗೆ ನಗದು ಬಂದಿದ್ದರೆ, ಅವಧಿಯೂ ಕೆಲಸವೂ ನಮೂದಾಗಿರುವ ಅನುಭವ ಪತ್ರವನ್ನು ಅಂಗಡಿಯ ಜಿಎಸ್‌ಟಿ ಸಂಖ್ಯೆಯಿರುವ ಲೆಟರ್‌ಹೆಡ್‌ನಲ್ಲಿ ಈಗಲೇ ಪಡೆದುಕೊಳ್ಳಿ.