ಸಂಪಾದಕರ ಉತ್ತರ: ಸ್ವಾಮಿಗಳ ಪಹಣಿ, ತಮ್ಮನ ಮಕ್ಕಳ ಪೌತಿ ಅರ್ಜಿ

ಓದುಗರ ಪತ್ರ: ನಮ್ಮೂರ ವಿರಕ್ತಮಠದ ಸ್ವಾಮಿಗಳು ಕಳೆದ ಮಾಘದಲ್ಲಿ ಲಿಂಗೈಕ್ಯರಾದರು. ಉತ್ತರಾಧಿಕಾರಿ ಯಾರೆಂದು ಬರೆದಿಟ್ಟಿಲ್ಲ. ಎಂಟು ವರ್ಷದಿಂದ ಒಬ್ಬ ಮರಿದೇವರು ಜೊತೆಗಿದ್ದರು. ಮಠದ ನಾಲ್ಕು ಎಕರೆ ಹತ್ತು ಗುಂಟೆಯ ಪಹಣಿ ಸ್ವಾಮಿಗಳ ಹೆಸರಿನಲ್ಲೇ ಇದೆ. ಅವರ ಹುಟ್ಟೂರಿನಲ್ಲಿ ಪಿತ್ರಾರ್ಜಿತ ಜಮೀನಿದೆ, ಬ್ಯಾಂಕಿನಲ್ಲಿ ಅವರ ಹೆಸರಲ್ಲಿ ಹಣವಿದೆ. ಸ್ವಾಮಿಗಳು 1981ರಲ್ಲಿ ದೀಕ್ಷೆ ಪಡೆದವರು. ಈಗ ಅವರ ತಮ್ಮನ ಮಕ್ಕಳು ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿದ್ದಾರೆ. ರಕ್ತಸಂಬಂಧಿಗಳು ಇರುವಾಗ ಆಸ್ತಿ ಶಿಷ್ಯನಿಗೆ ಹೋಗುವುದು ಹೇಗೆ? ಊರಿನವರು ಏನು ಮಾಡಬೇಕು?
– ಮಠದ ಭಕ್ತರೊಬ್ಬರು, ಗುಬ್ಬಿ ತಾಲ್ಲೂಕು

ಮಾನ್ಯರೇ,

ಮಠದ ಜಮೀನು ಶಿಷ್ಯನಿಗೂ ಹೋಗುವುದಿಲ್ಲ. ಅದು ಮಠದಲ್ಲೇ ಇರುತ್ತದೆ, ಬದಲಾಗುವುದು ಪೀಠದಲ್ಲಿ ಕೂರುವವರು ಮಾತ್ರ. ಮನೆಯಲ್ಲಿ ತಂದೆ ತೀರಿಕೊಂಡರೆ ತಂದೆಯ ಹಕ್ಕೇ ಮಕ್ಕಳಿಗೆ ಇಳಿಯುತ್ತದೆ. ಮಠದಲ್ಲಿ ಹೊಸ ಸ್ವಾಮಿಗಳು ಹಿಂದಿನವರಿಂದ ಆಸ್ತಿ ಪಡೆಯುವುದಿಲ್ಲ. ಅವರು ಒಂದು ಅಧಿಕಾರಸ್ಥಾನಕ್ಕೆ ಬರುತ್ತಾರೆ, ಆಸ್ತಿ ಆ ಸ್ಥಾನಕ್ಕೆ ಅಂಟಿಕೊಂಡಿರುತ್ತದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಮಠಾಧಿಪತಿಯ ಸ್ಥಾನದಲ್ಲಿ ಕರ್ತವ್ಯವೂ ಇದೆ, ಮಠದ ಆದಾಯವನ್ನು ಅನುಭವಿಸುವ ಸ್ವಂತ ಹಿತವೂ ಇದೆ, ಒಂದರಿಂದ ಇನ್ನೊಂದನ್ನು ಬಿಡಿಸಲಾಗದು. ಆದ್ದರಿಂದ ಅವರು ಬರಿಯ ನೌಕರರಲ್ಲ, ಪೂರ್ಣ ಮಾಲೀಕರೂ ಅಲ್ಲ. ಮಠದ ಜಮೀನನ್ನು ಅವರು ಉಯಿಲು ಬರೆದು ತಮ್ಮನ ಮಕ್ಕಳಿಗೆ ಕೊಟ್ಟಿದ್ದರೂ ಆ ಉಯಿಲು ನಿಲ್ಲುತ್ತಿರಲಿಲ್ಲ.

ಇನ್ನು ರಕ್ತಸಂಬಂಧದ ಮಾತು. ಎಲ್ಲವನ್ನೂ ಬಿಟ್ಟು ಸಂನ್ಯಾಸ ಹಿಡಿದವರು ಪೂರ್ವಾಶ್ರಮದ ಮಟ್ಟಿಗೆ ಕಾನೂನಿನ ಕಣ್ಣಿನಲ್ಲಿ ತೀರಿಹೋದಂತೆಯೇ. ಅವರು ಮನೆಯವರಿಗೆ ವಾರಸುದಾರರಲ್ಲ, ಮನೆಯವರು ಅವರಿಗೂ ಅಲ್ಲ. ಆಮೇಲೆ ಅವರು ಸಂಪಾದಿಸಿದ್ದು ಗುರುಪರಂಪರೆಯ ಬಂಧುಗಳಿಗೆ ಸೇರುತ್ತದೆ. ಅಲ್ಲಿ ಗುರುವೇ ತಂದೆ, ಶಿಷ್ಯನೇ ಮಗ, ಗುರುವಿನ ಜೊತೆ ದೀಕ್ಷೆ ಪಡೆದವರೇ ಚಿಕ್ಕಪ್ಪ ದೊಡ್ಡಪ್ಪಂದಿರು. ಮಥುರಾ ಅಹೀರ್ ಪ್ರಕರಣದಲ್ಲಿ 1979ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಮತ್ತೆ ಎತ್ತಿ ಹೇಳಿತು.

ಆದರೆ ಕಾವಿ ಉಟ್ಟ ಮಾತ್ರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ದೀಕ್ಷೆ ಸಂಪ್ರದಾಯದಂತೆ ಆಗಿತ್ತೇ, ಲೌಕಿಕ ಆಸ್ತಿಯನ್ನು ನಿಜವಾಗಿ ಬಿಟ್ಟಿದ್ದರೇ ಎಂದು ಕೋರ್ಟು ನೋಡುತ್ತದೆ. ದೀಕ್ಷೆಯ ನಂತರವೂ ಸ್ವಾಮಿಗಳು ಹುಟ್ಟೂರಿನ ಜಮೀನಿನ ರಾಗಿಯಲ್ಲಿ ಪಾಲು ತರಿಸಿಕೊಂಡಿದ್ದರೆ, ವಿಭಾಗಪತ್ರಕ್ಕೆ ತಂದೆಯ ಹೆಸರು ಬರೆದು ಸಹಿ ಹಾಕಿದ್ದರೆ, ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಕೂಡ ಅವರ ಕೈಯಲ್ಲಿರುತ್ತದೆ. ಕಾಯ್ದೆ ಹೇಳದ ಯಾವ ಕಾರಣಕ್ಕೂ ಯಾರನ್ನೂ ವಾರಸಿನಿಂದ ಹೊರಗಿಡಬಾರದು ಎನ್ನುತ್ತದೆ ಆ ಕಲಂ. ಆದ್ದರಿಂದ 1981ರ ದೀಕ್ಷೆಯ ಆಮಂತ್ರಣ ಪತ್ರಿಕೆ, ಅಂದಿನ ಫೋಟೊ, ದೀಕ್ಷೆ ಕೊಟ್ಟ ಮಠದ ದಾಖಲೆ, ಅಂದು ಎದುರಿಗಿದ್ದ ಹಿರಿಯರ ಹೆಸರು, ಇವನ್ನೆಲ್ಲ ಈಗಲೇ ಒಂದೆಡೆ ಸೇರಿಸಿಡಿ. ಸಾಕ್ಷಿ ಹೇಳಬಲ್ಲವರಿಗೆ ವಯಸ್ಸಾಗಿರುತ್ತದೆ.

ನಿಮ್ಮ ಪತ್ರದಲ್ಲಿರುವ ಮೂರು ಆಸ್ತಿಗಳಿಗೆ ಮೂರು ಬೇರೆ ಉತ್ತರಗಳಿವೆ. ಹುಟ್ಟೂರಿನ ಜಮೀನಿನ ತಂಟೆಗೆ ಮಠ ಹೋಗದಿರುವುದು ಒಳ್ಳೆಯದು. 1981ರಲ್ಲಿ ದೀಕ್ಷೆ ಆದಾಗಲೇ ಸ್ವಾಮಿಗಳು ಅವಿಭಕ್ತ ಕುಟುಂಬದಿಂದ ಹೊರಬಿದ್ದರು, ಅವರ ಪಾಲು ಅಂದೇ ಉಳಿದವರಲ್ಲಿ ಸೇರಿಹೋಯಿತು. ತಮ್ಮನ ಮಕ್ಕಳಿಗೆ ಆ ಜಮೀನು ಬರುವುದು ತಮ್ಮ ತಂದೆಯ ಕಡೆಯಿಂದ, ಸ್ವಾಮಿಗಳ ವಾರಸುದಾರರಾಗಿ ಅಲ್ಲ. ಇದು ಇಬ್ಬರಿಗೂ ಒಪ್ಪಬಹುದಾದ ಮಾತು, ರಾಜಿಗೆ ಕೂತರೆ ಇಲ್ಲಿಂದಲೇ ಶುರುಮಾಡಬಹುದು.

ಬ್ಯಾಂಕಿನ ಹಣ ಸ್ವಲ್ಪ ತೊಡಕಿನದು. ಪಾದಪೂಜೆಯಲ್ಲಿ ಸ್ವಾಮಿಗಳಿಗೆಂದೇ ಕೊಟ್ಟ ಕಾಣಿಕೆ ಅವರ ಸ್ವಂತದ್ದಾಗಬಹುದು. ದಾಸೋಹಕ್ಕೆ, ಜಾತ್ರೆಗೆ, ಕಟ್ಟಡಕ್ಕೆ ಎಂದು ರಸೀದಿ ಹರಿದು ತೆಗೆದುಕೊಂಡದ್ದು ಮಠದ್ದು. ಸ್ವಾಮಿಗಳ ಹೆಸರಲ್ಲಿ ಇದ್ದದ್ದೆಲ್ಲ ಮಠದ್ದೇ ಎಂದು ಕೋರ್ಟು ತಾನಾಗಿ ಊಹಿಸುವುದಿಲ್ಲ, ಮಠದ್ದು ಎನ್ನುವವರೇ ತೋರಿಸಬೇಕು. ಹಾಗಾಗಿ ರಸೀದಿ ಪುಸ್ತಕದ ಅಡಿಪ್ರತಿಗಳನ್ನು ಪಾಸ್‌ಬುಕ್ಕಿನ ಜಮಾ ತಾರೀಖಿಗೆ ಹೊಂದಿಸಿ ಒಂದು ಪಟ್ಟಿ ಮಾಡಿ. ಸ್ವಂತದ್ದು ಎಂದು ಉಳಿದ ಹಣವೂ ಪೂರ್ವಾಶ್ರಮದವರಿಗಲ್ಲ, ಶಿಷ್ಯನಿಗೆ ಸೇರಬೇಕಾದದ್ದು. ಖಾತೆಗೆ ಯಾರನ್ನಾದರೂ ನಾಮಿನಿ ಮಾಡಿದ್ದರೆ ಬ್ಯಾಂಕು ಅವರ ಕೈಗೆ ಹಣ ಕೊಡಬಹುದು. ಅಷ್ಟರಿಂದ ಅವರು ಒಡೆಯರಾಗುವುದಿಲ್ಲ, ಹಕ್ಕಿದ್ದವರಿಗೆ ಲೆಕ್ಕ ಒಪ್ಪಿಸಬೇಕು.

ಜಗಳದ ಮೂಲವಾದ ನಾಲ್ಕು ಎಕರೆ ಹತ್ತು ಗುಂಟೆಯ ವಿಚಾರದಲ್ಲಿ ಇಂದಿನ ಪಹಣಿಯ ಹೆಸರಿಗಿಂತ ಆ ಹೆಸರು ಅಲ್ಲಿಗೆ ಬಂದ ಬಗೆ ಮುಖ್ಯ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಮ್ಯುಟೇಶನ್ ರಿಜಿಸ್ಟರಿನ ನಕಲಿಗೆ ಅರ್ಜಿ ಕೊಡಿ. ಇನಾಮು ಜಮೀನಾಗಿದ್ದರೆ, 1955ರ ಮೈಸೂರು ಧಾರ್ಮಿಕ ಮತ್ತು ದತ್ತಿ ಇನಾಮು ರದ್ದತಿ ಕಾಯ್ದೆಯಡಿ ಅದನ್ನು ಯಾರ ಹೆಸರಿಗೆ ನೋಂದಾಯಿಸಿದರು ಎಂಬ ಆದೇಶವನ್ನೂ ಹುಡುಕಿಸಿ. ಹಿಂದಿನ ಗುರುಗಳು ಲಿಂಗೈಕ್ಯರಾದಾಗ ಖಾತೆ ಹೇಗೆ ಬದಲಾಯಿತು ಎಂಬ ಸಾಲಿನಲ್ಲಿ ಬಹುಪಾಲು ಉತ್ತರ ಸಿಗುತ್ತದೆ. ಸ್ವಾಮಿಗಳ ಹೆಸರಿನ ಮುಂದೆ ತಂದೆಯ ಹೆಸರಿನ ಜಾಗದಲ್ಲಿ ಗುರುಗಳ ಹೆಸರಿದ್ದರೆ, ಇಲ್ಲವೇ ಷರಾದಲ್ಲಿ ಮಠ, ಗುರು, ಶಿಷ್ಯ ಎಂಬ ಮಾತಿದ್ದರೆ ಅದು ಪೀಠದ ದಾರಿಯಲ್ಲಿ ಬಂದ ಜಮೀನು. ಸ್ವಾಮಿಗಳೇ ಕ್ರಯಕ್ಕೆ ಕೊಂಡಿದ್ದರೆ ಕ್ರಯಪತ್ರದಲ್ಲಿ ಹಣ ಎಲ್ಲಿಂದ ಬಂತು, ಮಠದ ಪರವಾಗಿ ಎಂದು ಬರೆದಿದೆಯೇ ಎಂದು ನೋಡಬೇಕು.

ತಮ್ಮನ ಮಕ್ಕಳ ಅರ್ಜಿಯಲ್ಲಿ ಇನ್ನೊಂದು ದೋಷವೂ ಇರಬಹುದು. ಆಸ್ತಿ ಸ್ವಾಮಿಗಳ ಸ್ವಂತದ್ದು, ಅವರು ಸಂನ್ಯಾಸಿಯೇ ಅಲ್ಲ ಎಂದು ಒಂದು ಗಳಿಗೆ ಒಪ್ಪಿಕೊಳ್ಳೋಣ. ಆಗಲೂ ಹೆಂಡತಿ, ಮಕ್ಕಳು, ತಂದೆ ತಾಯಿ ಇಲ್ಲದ ಗಂಡಸಿನ ಆಸ್ತಿ ಮೊದಲು ಬದುಕಿರುವ ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರಿಗೆ ಹೋಗುತ್ತದೆ. ಅಣ್ಣತಮ್ಮಂದಿರ ಮಕ್ಕಳು ಎರಡನೇ ವರ್ಗದ ನಾಲ್ಕನೇ ಸಾಲಿನವರು. ಸ್ವಾಮಿಗಳ ಒಡಹುಟ್ಟಿದ ಒಬ್ಬ ಹೆಣ್ಣುಮಗಳು ಬದುಕಿದ್ದರೂ ಸಾಕು, ಇವರಿಗೆ ಏನೂ ಬಾರದು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರೆಯೇ ಎಂದು ಪರೀಕ್ಷಿಸಿ. ನಮ್ಮ ಕಡೆ ಇದು ಬಹಳ ನಡೆಯುತ್ತದೆ.

ಪೌತಿ ಅರ್ಜಿಗೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡುವುದು ಇವತ್ತಿನ ಕೆಲಸ. ನೋಟಿಸು ಹೊರಟ ಮೇಲೆ ಆಕ್ಷೇಪಣೆಗೆ ಇರುವುದು ಅದರಲ್ಲಿ ಹೇಳಿದ ಕೆಲವೇ ದಿನ, ಅಷ್ಟರಲ್ಲಿ ಯಾರೂ ಕೇಳದಿದ್ದರೆ ಖಾತೆ ಆಗಿಬಿಡುತ್ತದೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತಕರಾರು ಬಂದರೆ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ನಿಲ್ಲುತ್ತದೆ. ಆದೇಶ ನಿಮ್ಮ ವಿರುದ್ಧ ಬಂದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಖಾತೆ ಅವರ ಹೆಸರಿಗೆ ಆದರೂ ಹಕ್ಕು ಹೋಯಿತೆಂದು ಎದೆಗುಂದಬೇಕಿಲ್ಲ, ಪಹಣಿ ಕಂದಾಯದ ದಾಖಲೆಯಷ್ಟೇ. ಆದರೆ ಅದನ್ನೇ ತೋರಿಸಿ ಅವರು ಮಾರಿಬಿಟ್ಟರೆ, ಕೊಂಡವರನ್ನೂ ಪ್ರತಿವಾದಿಗಳಾಗಿ ಎಳೆಯಬೇಕಾಗುತ್ತದೆ. ತಡಮಾಡಬಾರದು ಎನ್ನುವುದು ಅದಕ್ಕೇ.

ಪೀಠಕ್ಕೆ ಯಾರು ಎಂಬುದನ್ನು ತಹಶೀಲ್ದಾರರು ತೀರ್ಮಾನಿಸಲಾರರು, ಅದನ್ನು ನಿಮ್ಮ ಮಠದ ರೂಢಿ ತೀರ್ಮಾನಿಸುತ್ತದೆ. ಕೆಲವು ಕಡೆ ಗುರುಗಳೇ ಮರಿಯನ್ನು ನೇಮಿಸುತ್ತಾರೆ. ಕೆಲವು ಕಡೆ ಮೂಲಪೀಠ ಒಪ್ಪಬೇಕು, ಇಲ್ಲವೇ ಭಕ್ತರು ಸೇರಿ ಆರಿಸಬೇಕು. ಪುತ್ರವರ್ಗದ ಮಠಗಳಲ್ಲಿ ಪೀಠ ಒಂದೇ ಮನೆತನದಲ್ಲಿ ಸಾಗುತ್ತದೆ. ಆದರೆ ಅಲ್ಲಿ ಕೂಡ ಮಠದ ಜಮೀನನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಂತಿಲ್ಲ, ಒಬ್ಬರು ಪೀಠಕ್ಕೆ ಬರುತ್ತಾರೆ, ಆಸ್ತಿ ಇಡಿಯಾಗಿ ಉಳಿಯುತ್ತದೆ. ನಿಮ್ಮದು ವಿರಕ್ತಮಠ ಎನ್ನುತ್ತೀರಿ, ಹಾಗಾದರೆ ಹಿಂದಿನ ಎರಡು ಮೂರು ಪಟ್ಟಾಧಿಕಾರಗಳು ಹೇಗೆ ನಡೆದವು ಎಂಬುದೇ ನಿಮ್ಮ ಪ್ರಮಾಣ. ಮರಿದೇವರು ಎಂಟು ವರ್ಷ ಜೊತೆಗಿದ್ದರು ಎಂಬುದು ಮಾತ್ರ ಸಾಲದು. ಅವರಿಗೆ ದೀಕ್ಷೆ ಆಗಿದೆಯೇ, ಕೊಟ್ಟವರು ಯಾರು ಎಂಬುದು ಬೇಕು.

ಗುರುಗಳು ಇರುವಾಗಲೇ ಇದನ್ನು ಮುಗಿಸಿಕೊಂಡ ಮಠ ನಮ್ಮ ಜಿಲ್ಲೆಯಲ್ಲೇ ಇದೆ. ಸಿದ್ಧಗಂಗೆಯಲ್ಲಿ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು 1930ರಲ್ಲಿ ತೀರಿಕೊಂಡ ಮೇಲೆ ಉದ್ದಾನ ಶಿವಯೋಗಿಗಳು ಅದೇ ವರ್ಷ ಶಿವಕುಮಾರ ಸ್ವಾಮಿಗಳನ್ನು ಆರಿಸಿ ದೀಕ್ಷೆ ಕೊಟ್ಟರು. 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದಾಗ ಮುಂದಿನವರು ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಶಿವಕುಮಾರ ಸ್ವಾಮಿಗಳೂ 1988ರಲ್ಲೇ ಸಿದ್ಧಲಿಂಗ ಸ್ವಾಮಿಗಳನ್ನು ಉತ್ತರಾಧಿಕಾರಿ ಮಾಡಿದ್ದರು, 2019ರಲ್ಲಿ ಪೀಠ ಒಂದು ದಿನವೂ ಖಾಲಿಯಾಗಲಿಲ್ಲ.

ಹೆಸರಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಶಿರೂರು ಮಠವನ್ನೇ ನೋಡಬಹುದು. ಅಲ್ಲಿನ ಸ್ವಾಮಿಗಳು 2018ರ ಜುಲೈನಲ್ಲಿ ಉತ್ತರಾಧಿಕಾರಿಯಿಲ್ಲದೆ ತೀರಿಕೊಂಡರು. ಅಷ್ಟಮಠಗಳ ರೂಢಿಯಂತೆ ಆರಿಸುವ ಹಕ್ಕು ದ್ವಂದ್ವ ಮಠವಾದ ಸೋದೆ ಮಠಕ್ಕೆ ಬಂತು, ಹೊಸಬರು ಪೀಠಕ್ಕೆ ಬಂದದ್ದು 2021ರಲ್ಲಿ. ಅವರಿಗೆ ಹದಿನೆಂಟು ತುಂಬಿಲ್ಲವೆಂದು ತಕರಾರು ಎದ್ದಾಗ, ಅಪ್ರಾಪ್ತರು ಸಂನ್ಯಾಸ ಪಡೆಯಲು ಕಾನೂನಿನ ಅಡ್ಡಿಯಿಲ್ಲ ಎಂದು ರಾಜ್ಯ ಹೈಕೋರ್ಟು ಅದೇ ವರ್ಷ ಹೇಳಿತು. ನಿಮ್ಮ ಮರಿದೇವರು ಚಿಕ್ಕವರಾಗಿದ್ದರೆ ಈ ತೀರ್ಪು ನೆರವಾಗುತ್ತದೆ. ದಾವೆಯನ್ನು ಮಾತ್ರ ಅವರ ಪರವಾಗಿ ದೊಡ್ಡವರೊಬ್ಬರು ಹೂಡಬೇಕು.

ಆದ್ದರಿಂದ ರೂಢಿಯಂತೆ ಸಭೆ ಕರೆಯಿರಿ. ಮೂಲಪೀಠಕ್ಕೂ ಸುತ್ತಲ ಮಠಗಳಿಗೂ ಪತ್ರ ಹೋಗಲಿ, ನಡಾವಳಿ ಬರೆದು ಸಹಿ ಮಾಡಿಸಿ, ಪಟ್ಟಾಧಿಕಾರ ಮುಗಿಸಿ. ಆಮೇಲೂ ಎದುರಾಳಿಗಳು ಒಪ್ಪದಿದ್ದರೆ, ಪೀಠಾಧಿಪತಿ ತಾನೆಂದೂ ಜಮೀನು ಮಠದ್ದೆಂದೂ ಘೋಷಿಸುವಂತೆ ಹೊಸ ಸ್ವಾಮಿಗಳು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಜೊತೆಗೆ ತಡೆಯಾಜ್ಞೆ ಕೇಳಲಿ. ಭಕ್ತರಲ್ಲೇ ಎರಡು ಪಂಗಡವಾಗಿ ಆಡಳಿತ ಕೆಟ್ಟಿದ್ದರೆ ದಾರಿ ಬೇರೆ: ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಅಡಿ ಹೋಗಬಹುದು.

ಪೀಠಕ್ಕೆ ಬಂದವರು ಪಹಣಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಮಠದ ಹೆಸರಿಗೆ, ‘ಪೀಠಾಧಿಪತಿಗಳ ಮೂಲಕ’ ಎಂದು ಬರೆಸಲಿ. ಹಿಂದಿನವರು ಯಾರಿಗಾದರೂ ಜಮೀನನ್ನು ಶಾಶ್ವತ ಗೇಣಿಗೆ ಕೊಟ್ಟಿದ್ದರೆ, ಇಲ್ಲವೇ ಮಠದ ಅಗತ್ಯವಿಲ್ಲದೆ ಮಾರಿದ್ದರೆ, ಅದನ್ನೂ ಈಗಲೇ ಪಟ್ಟಿ ಮಾಡಬೇಕು. ಅಂಥ ಗೇಣಿ ಕೊಟ್ಟವರ ಕಾಲಕ್ಕಷ್ಟೇ ನಿಲ್ಲುತ್ತದೆ ಎಂದು ವಿದ್ಯಾವಾರಿಧಿ ತೀರ್ಥರ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1921ರಲ್ಲೇ ಹೇಳಿದೆ. ಹಣಕ್ಕೆ ಪರಭಾರೆಯಾದ ಜಮೀನನ್ನು ಬಿಡಿಸಿಕೊಳ್ಳಲು 1963ರ ಕಾಲಮಿತಿ ಕಾಯ್ದೆಯ 96ನೇ ವಿಧಿ ಕೊಡುವ ಅವಧಿ ಹನ್ನೆರಡು ವರ್ಷ. ಅದು ಹಿಂದಿನ ಸ್ವಾಮಿಗಳು ಲಿಂಗೈಕ್ಯರಾದ ದಿನ ಅಥವಾ ಹೊಸಬರು ಅಧಿಕಾರಕ್ಕೆ ಬಂದ ದಿನ, ಯಾವುದು ಆಮೇಲಿನದೋ ಅಂದಿನಿಂದ ಎಣಿಕೆಯಾಗುತ್ತದೆ.

– ಸಂಪಾದಕರು